41,000 ರೂಪಾಯಿಯ ಹಲ್ಲಿನ ಎಸ್ಟಿಮೇಟ್: ಸಾಲು ಸಾಲಾಗಿ ಓದೋದು ಹೇಗೆ?

ಈ ಸಂಚಿಕೆಯಲ್ಲಿ ನಾವು ಒಂದೇ ಒಂದು ಫೋಟೊ ಬಗ್ಗೆ ಮಾತಾಡೋಣ. ಬೆಂಗಳೂರಿನಲ್ಲಿ ಕೆಲಸ ಮಾಡೋ 26 ವರ್ಷದ ಕೇಳುಗರೊಬ್ಬರು ಕಳಿಸಿದ ಫೋಟೊ ಇದು. ಹಲ್ಲಿನ ಡಾಕ್ಟರು ಕೊಟ್ಟ ಎಸ್ಟಿಮೇಟ್. ಅವರ ಹೆಸರು, ಕ್ಲಿನಿಕ್ಕಿನ ಹೆಸರು ಎರಡನ್ನೂ ಮುಚ್ಚಿಟ್ಟಿದ್ದೀವಿ. ಫೋಟೊ ಜತೆ ಅವರು ಬರೆದಿರೋದು ಇಷ್ಟೇ: “ಎಡಗಡೆ ಕೆಳಗಿನ ಹಲ್ಲು ಹದಿನೈದು ದಿನ ಜೀವ ಹೋಗೋ ಹಾಗೆ ನೋಯ್ತಿತ್ತು. ಈಗ ನೋವೇ ಇಲ್ಲ. ಆದ್ರೂ 41,000 ಅಂತ ಬರೆದುಕೊಟ್ಟಿದ್ದಾರೆ. ಅರ್ಧ ಪದಗಳು ಅರ್ಥ ಆಗ್ತಿಲ್ಲ. ಆ ಹಲ್ಲು ಕೀಳಿಸಿಬಿಟ್ರೆ ಮುಗೀತಲ್ವಾ?”

ಚೀಟಿಯಲ್ಲಿ ಏನಿದೆ ಅಂತ ಮೊದಲು ಓದ್ತೀನಿ. ಕೇಳಿ ಮರೆತುಹೋದ್ರೆ ಚಿಂತೆ ಇಲ್ಲ, ಒಂದೊಂದನ್ನೇ ಮತ್ತೆ ತಗೊಳ್ಳೋಣ.

ಸ್ಕೇಲಿಂಗ್, ಫುಲ್ ಮೌತ್ – 1,500
ಕಾಂಪೊಸಿಟ್ ಫಿಲ್ಲಿಂಗ್, 17 – 1,500
ಆರ್‌ಸಿಟಿ, 36 – 5,500
ಪೋಸ್ಟ್ / ಕೋರ್, 36 – 1,500
ಜಿರ್ಕೋನಿಯಾ ಕ್ರೌನ್, 36 – 9,000
ಸರ್ಜಿಕಲ್ ಎಕ್ಸ್‌ಟ್ರಾಕ್ಷನ್, 48 – 7,000
ಪಿಎಫ್ಎಂ ಬ್ರಿಡ್ಜ್, 24-25-26, 5,000 × 3 – 15,000
ಒಟ್ಟು – 41,000

ಇದು ಈ ಒಂದು ಕ್ಲಿನಿಕ್ಕಿನ ದರ. ನಿಮ್ಮೂರಲ್ಲಿ, ನಿಮ್ಮ ಡಾಕ್ಟರ ಹತ್ತಿರ ಬೇರೆ ಇರುತ್ತೆ. ದರ ಜಾಸ್ತಿಯೋ ಕಮ್ಮಿಯೋ ಅನ್ನೋದಕ್ಕಿಂತ ಮೊದಲು, ದುಡ್ಡು ಯಾವ ಹಲ್ಲಿಗೆ ಹೋಗ್ತಿದೆ ಅಂತ ನೋಡಬೇಕು.

ಮೊದಲು ನಂಬರ್

ನಮ್ಮ ಬಾಯಲ್ಲಿ ಇರೋದೇ 32 ಹಲ್ಲು. ಮತ್ತೆ 36, 48 ಎಲ್ಲಿಂದ ಬಂತು? ಇವನ್ನ ಮೂವತ್ತಾರು, ನಲವತ್ತೆಂಟು ಅಂತ ಓದಬಾರದು. ಮೂರು-ಆರು, ನಾಲ್ಕು-ಎಂಟು ಅಂತ ಓದಬೇಕು. ಮೊದಲನೇ ಅಂಕಿ ಬಾಯಿಯ ಯಾವ ಮೂಲೆ ಅಂತ ಹೇಳುತ್ತೆ, ಎರಡನೇದು ಆ ಮೂಲೆಯಲ್ಲಿ ಎಷ್ಟನೇ ಹಲ್ಲು ಅಂತ.

ಮೂಲೆಗಳು ನಾಲ್ಕು. ನಿಮ್ಮ ಬಲಗಡೆ ಮೇಲಿನದು 1. ಎಡಗಡೆ ಮೇಲಿನದು 2. ಎಡಗಡೆ ಕೆಳಗಿನದು 3. ಬಲಗಡೆ ಕೆಳಗಿನದು 4. ಎಡ ಬಲ ಅಂದ್ರೆ ನಿಮ್ಮ ಎಡ ಬಲ, ಎದುರಿಗೆ ಕೂತ ಡಾಕ್ಟರದ್ದಲ್ಲ. ಆಮೇಲೆ ಮೂಗಿನ ನೇರಕ್ಕೆ ಮಧ್ಯದಲ್ಲಿರೋ ಬಾಚಿಹಲ್ಲಿನಿಂದ ಹಿಂದಕ್ಕೆ ಎಣಿಸಿ. 1, 2 ಬಾಚಿಹಲ್ಲು. 3 ಕೋರೆಹಲ್ಲು. 4, 5 ಚಿಕ್ಕ ದವಡೆಹಲ್ಲು. 6, 7 ದೊಡ್ಡ ದವಡೆಹಲ್ಲು. 8 ಅಂದ್ರೆ ಕೊನೇದು, ಬುದ್ಧಿಹಲ್ಲು.

ಈಗ ನೀವೇ ಹೇಳಿ, 36 ಯಾವುದು? ಎಡಗಡೆ ಕೆಳಗೆ, ಆರನೇದು, ಅಂದ್ರೆ ಮೊದಲ ದೊಡ್ಡ ದವಡೆಹಲ್ಲು. ನಮ್ಮ ಕೇಳುಗರಿಗೆ ನೋವಿದ್ದಿದ್ದೂ ಎಡಗಡೆ ಕೆಳಗೇ. ಹೊಂದಿಕೆ ಆಯ್ತು. ಈ ಹೊಂದಿಕೆ ನೋಡೋದು ನಿಮ್ಮ ಮೊದಲನೇ ಕೆಲಸ. ನೋವು ಬಲಗಡೆ ಇದ್ದು ಚೀಟಿಯಲ್ಲಿ 3ರಿಂದ ಶುರುವಾಗೋ ನಂಬರ್ ಇದ್ರೆ, ಇಂಜೆಕ್ಷನ್ ಕೊಡೋ ಮೊದಲೇ ಕೇಳಿಬಿಡಿ.

ಇಲ್ಲಿ ಮೂರು ಕಡೆ ಜನ ಎಡವೋದುಂಟು. ಒಂದು, ಸೆಲ್ಫಿ ಕ್ಯಾಮೆರಾ. ಅದರಲ್ಲಿ ಬಾಯಿ ನೋಡಿಕೊಂಡ್ರೆ ಕನ್ನಡಿ ಥರ ಕಾಣುತ್ತೆ, ಎಡ-ಬಲ ತಲೆಕೆಳಗಾಗುತ್ತೆ. ಅದರ ಬದಲು ನಾಲಿಗೆ ತುದಿಯಿಂದ ಮುಟ್ಟಿ ಎಣಿಸಿ. ಎರಡು, ಕ್ಲಿಪ್ ಹಾಕಿಸುವಾಗ ಚಿಕ್ಕ ದವಡೆಹಲ್ಲು ಕೀಳಿಸಿಕೊಂಡವರು. ನಂಬರ್ ಹಲ್ಲಿಗೆ ಅಂಟಿಕೊಂಡಿರುತ್ತೆ, ಜಾಗಕ್ಕಲ್ಲ. 34 ಕಿತ್ತಿದ್ರೆ, ನಿಮ್ಮ ಎಣಿಕೆಯಲ್ಲಿ ಐದನೇದಾಗಿ ಸಿಗೋ ಹಲ್ಲು ಚೀಟಿಯಲ್ಲಿ 36 ಆಗಿರುತ್ತೆ. ಅದು ತಪ್ಪಲ್ಲ. ಮೂರು, ಅಮೆರಿಕದಲ್ಲಿರೋ ಅಕ್ಕನಿಗೋ ಅಣ್ಣನಿಗೋ ಚೀಟಿ ಕಳಿಸೋದು. ಅಲ್ಲಿ 1ರಿಂದ 32ರವರೆಗೆ ಸಾಲಾಗಿ ಎಣಿಸ್ತಾರೆ. ನಮ್ಮ 36 ಅವರಿಗೆ 19. ನಮ್ಮ 26 ಮೇಲಿನ ದವಡೆಹಲ್ಲು, ಆದ್ರೆ ಅವರ 26 ಕೆಳಗಿನ ಬಾಚಿಹಲ್ಲು. ಎರಡು ಲೆಕ್ಕ ಬೆರೆಸಿದ್ರೆ ಸುಮ್ಮನೆ ಗಾಬರಿ.

ಕೆಲವು ಡಾಕ್ಟರು ಕೈಯಲ್ಲಿ ಒಂದು ಪ್ಲಸ್ ಗುರುತು ಹಾಕಿ ಅದರ ಮೂಲೆಯಲ್ಲಿ ಬರೀ 6 ಅಂತ ಬರೀತಾರೆ. ಅದೂ ಇದೇ ಲೆಕ್ಕ. ಮೂಲೆಯ ನಂಬರ್ ಬರೆಯೋ ಬದಲು ಮೂಲೆಯನ್ನೇ ಗೆರೆ ಎಳೆದು ತೋರಿಸಿದ್ದಾರೆ. ಅಲ್ಲಿ ಚಿತ್ರ ನಿಮ್ಮ ಎದುರಿಗೆ ನಿಂತವರ ಕಣ್ಣಿನದು. ಹಾಗಾಗಿ ಕಾಗದದ ಬಲ ಮೂಲೆ ಅಂದ್ರೆ ನಿಮ್ಮ ಎಡಗಡೆ.

ಸಾಲು ಬಿಟ್ಟು ಹಲ್ಲಿನ ಲೆಕ್ಕ ಹಾಕಿ

ಈಗ ಚೀಟಿಯನ್ನ ಬೇರೆ ಥರ ಬರೆದುಕೊಳ್ಳೋಣ. ಅದರಲ್ಲಿ ಏಳು ಸಾಲು ಇದೆ. ಆದ್ರೆ ಸಮಸ್ಯೆ ಏಳಿಲ್ಲ. 36ರ ಹೆಸರಲ್ಲಿ ಮೂರು ಸಾಲು ಇದೆ, ಮೂರೂ ಸೇರಿದ್ರೆ 16,000. 17ಕ್ಕೆ 1,500. 48ಕ್ಕೆ 7,000. 25ನೇ ಹಲ್ಲಿನ ಖಾಲಿ ಜಾಗಕ್ಕೆ 15,000. ಇಡೀ ಬಾಯಿಯ ಕ್ಲೀನಿಂಗ್‌ಗೆ 1,500. ಒಟ್ಟು ಅದೇ 41,000. ಆದ್ರೆ ಈಗ ಅದು ಐದು ಬೇರೆ ಬೇರೆ ತೀರ್ಮಾನ. ಐದನ್ನೂ ಒಂದೇ ದಿನ ತಗೋಬೇಕಾಗಿಲ್ಲ.

36: ಒಂದೇ ಹಲ್ಲಿಗೆ ಮೂರು ಸಲ ಯಾಕೆ ದುಡ್ಡು?

ಮೊದಲ ಸಾಲು ಆರ್‌ಸಿಟಿ, ಅಂದ್ರೆ ರೂಟ್ ಕೆನಾಲ್. ಹಲ್ಲಿನ ಒಳಗೆ ನರ, ರಕ್ತನಾಳ ಇರೋ ಒಂದು ಮೃದುವಾದ ಭಾಗ ಇದೆ. ಹುಳುಕು ಅಲ್ಲಿವರೆಗೆ ಇಳಿದಾಗ ಜೀವ ಹೋಗೋ ನೋವು ಬರುತ್ತೆ. ಡಾಕ್ಟರು ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಹಲ್ಲಿನ ನೆತ್ತಿಯಲ್ಲಿ ತೂತು ಮಾಡಿ, ಬೇರಿನ ಒಳಗಿರೋ ಸಣ್ಣ ಕೊಳವೆಗಳನ್ನ ಸೂಜಿಯಂಥ ಫೈಲ್‌ಗಳಿಂದ ಸ್ವಚ್ಛ ಮಾಡ್ತಾರೆ, ಔಷಧಿಯಿಂದ ತೊಳೀತಾರೆ, ಕೊನೆಗೆ ರಬ್ಬರಿನಂಥ ವಸ್ತುವಿನಿಂದ ತುಂಬಿ ಮುಚ್ಚುತ್ತಾರೆ. ಕೆಳಗಿನ ಆರನೇ ಹಲ್ಲಿನಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಕೊಳವೆ ಇರುತ್ತೆ. ಮುಂದಿನ ಬಾಚಿಹಲ್ಲಿನಲ್ಲಿ ಹೆಚ್ಚಾಗಿ ಒಂದೇ. ದವಡೆಹಲ್ಲಿನ ರೂಟ್ ಕೆನಾಲ್‌ಗೆ ದರ ಜಾಸ್ತಿ ಇರೋದು ಅದಕ್ಕೇ. ಈ 5,500ರಲ್ಲಿ ಇಂಜೆಕ್ಷನ್, ಎರಡು ಮೂರು ಸಲದ ಭೇಟಿ, ತಾತ್ಕಾಲಿಕ ಸಿಮೆಂಟ್ ಸಾಮಾನ್ಯವಾಗಿ ಸೇರಿರುತ್ತೆ. ಮಧ್ಯೆ ತೆಗೆಯೋ ಎಕ್ಸ್‌ರೇ ಸೇರಿದೆಯೋ ಇಲ್ಲವೋ ಕೇಳಿಕೊಳ್ಳಿ, ಅದು ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಬದಲಾಗುತ್ತೆ.

ಎರಡನೇ ಸಾಲು ಪೋಸ್ಟ್, ಕೋರ್. ರೂಟ್ ಕೆನಾಲ್ ಆದ ಮೇಲೆ ಹಲ್ಲಿನ ಮಧ್ಯೆ ದೊಡ್ಡ ಗುಂಡಿ ಉಳಿಯುತ್ತೆ. ಅದನ್ನ ಗಟ್ಟಿ ಸಿಮೆಂಟಿನಿಂದ ಕಟ್ಟಿ ಎತ್ತರಿಸೋದು ಕೋರ್. ಆ ಸಿಮೆಂಟ್ ನಿಲ್ಲೋದಕ್ಕೆ ಸುತ್ತ ಗೋಡೆಯೇ ಇಲ್ಲ ಅಂದಾಗ ಬೇರಿನೊಳಗೆ ಒಂದು ಕಡ್ಡಿ ಇಳಿಸ್ತಾರೆ, ಅದು ಪೋಸ್ಟ್. ದವಡೆಹಲ್ಲಿನಲ್ಲಿ ಎಷ್ಟೋ ಸಲ ಪೋಸ್ಟ್ ಬೇಕಾಗಲ್ಲ, ಕೋರ್ ಸಾಕಾಗುತ್ತೆ. ಈ ಚೀಟಿಯಲ್ಲಿ ಎರಡನ್ನೂ ಒಂದೇ ಸಾಲಲ್ಲಿ ಬರೆದಿದ್ದಾರೆ. ಇಲ್ಲಿ ಕೇಳಬೇಕಾದ ಪ್ರಶ್ನೆ: “ಡಾಕ್ಟ್ರೇ, ಪೋಸ್ಟ್ ಬೇಕಾ, ಬರೀ ಕೋರ್ ಸಾಕಾ? ಬರೀ ಕೋರ್ ಆದ್ರೆ ಎಷ್ಟು?” ಹಲ್ಲು ತೆರೆದ ಮೇಲಷ್ಟೇ ಗೊತ್ತಾಗುತ್ತೆ ಅಂತ ಅವರು ಹೇಳಬಹುದು. ಅದು ಪ್ರಾಮಾಣಿಕ ಉತ್ತರವೇ.

ಮೂರನೇ ಸಾಲು ಕ್ರೌನ್, ನಾವು ಕ್ಯಾಪ್ ಅನ್ನೋದು. ಹಲ್ಲನ್ನ ಸುತ್ತಲೂ ಸ್ವಲ್ಪ ಸವೆಸಿ, ಅಳತೆ ತಗೊಂಡು, ಲ್ಯಾಬಿನಲ್ಲಿ ಮಾಡಿಸಿ, ಟೋಪಿ ಥರ ಕೂರಿಸಿ ಅಂಟಿಸೋದು. 9,000ದಲ್ಲಿ ಡಾಕ್ಟರ ಕೆಲಸ, ಲ್ಯಾಬಿನ ಖರ್ಚು ಎರಡೂ ಇರುತ್ತೆ. ಚೀಟಿಯಲ್ಲಿರೋದು ಜಿರ್ಕೋನಿಯಾ. ಪಿಎಫ್ಎಂ ಅಂದ್ರೆ ಒಳಗೆ ಲೋಹ, ಹೊರಗೆ ಪಿಂಗಾಣಿ, ಅದು ಸಾಮಾನ್ಯವಾಗಿ ಕಮ್ಮಿ ದರದ್ದು. ಪೂರ್ತಿ ಲೋಹದ ಕ್ಯಾಪೂ ಇದೆ. ಬಾಯಿ ತೆರೆದಾಗ ಬೆಳ್ಳಗೆ ಹೊಳೆಯುತ್ತೆ ಅನ್ನೋದು ಬಿಟ್ರೆ ಅಗಿಯೋ ಕೆಲಸಕ್ಕೆ ಅದು ಗಟ್ಟಿ ಆಳು. ಇನ್ನೊಂದು ಮಾತು: ಕ್ಯಾಪಿನ ಜತೆ ಹತ್ತು ವರ್ಷದ ವಾರಂಟಿ ಕಾರ್ಡ್ ಕೊಟ್ರೆ ಅದು ಕ್ಯಾಪ್ ಒಡೆದ್ರೆ ಮಾತ್ರ. ಒಳಗಿನ ಹಲ್ಲು ಮತ್ತೆ ಹುಳುಕಾದ್ರೆ ಆ ಕಾರ್ಡ್ ಕೆಲಸಕ್ಕೆ ಬರಲ್ಲ.

“ಈಗ ನೋವೇ ಇಲ್ಲ”

ನಮ್ಮ ಕೇಳುಗರ ನಿಜವಾದ ಪ್ರಶ್ನೆ ಇಲ್ಲಿದೆ. ಹದಿನೈದು ದಿನ ನೋಯ್ತಿದ್ದ ಹಲ್ಲು ತಾನಾಗೇ ಸುಮ್ಮನಾಯ್ತು. ವಾಸಿ ಆಗಿರಬೇಕಲ್ವಾ? ಇಲ್ಲ. ಒಳಗಿನ ನರ ಸತ್ತುಹೋದಾಗಲೂ ನೋವು ನಿಲ್ಲುತ್ತೆ. ಸೋಂಕು ಅಲ್ಲೇ ಇದ್ದು, ಬೇರಿನ ತುದಿಯಿಂದ ಮೂಳೆ ಕಡೆಗೆ ಇಳಿಯೋಕೆ ಶುರು ಮಾಡಿರುತ್ತೆ. ಎಕ್ಸ್‌ರೇಯಲ್ಲಿ ಬೇರಿನ ತುದಿ ಸುತ್ತ ಕಪ್ಪು ನೆರಳಿನ ಥರ ಕಾಣೋದು ಅದೇ. ನಿಮ್ಮ ಎಕ್ಸ್‌ರೇ ತೋರಿಸಿ ಕೇಳಿ, ಡಾಕ್ಟರು ಬೆರಳಿಟ್ಟು ತೋರಿಸ್ತಾರೆ. ಆದ್ರೆ ಆ ನೆರಳು ಕಾಣೋಕೆ ಸ್ವಲ್ಪ ಕಾಲ ಬೇಕು. ಹಾಗಾಗಿ ಹಲ್ಲಿಗೆ ತಣ್ಣನೆ ಪದಾರ್ಥ ಮುಟ್ಟಿಸಿ, ಮೆಲ್ಲಗೆ ಬಡಿದು ಕೂಡ ಪರೀಕ್ಷೆ ಮಾಡ್ತಾರೆ. ಆ್ಯಂಟಿಬಯೊಟಿಕ್ ಮಾತ್ರೆ ಊತ ಇಳಿಸಬಹುದು, ಆದ್ರೆ ಹಲ್ಲಿನೊಳಗಿನ ಸತ್ತ ಭಾಗವನ್ನ ಅದು ತೆಗೆಯಲ್ಲ.

ಒಂದು ಎಚ್ಚರಿಕೆ. ಕೆನ್ನೆ ಅಥವಾ ದವಡೆ ಕೆಳಗೆ ಊದಿಕೊಂಡು ಜ್ವರ ಬಂದ್ರೆ, ಬಾಯಿ ತೆರೆಯೋಕೆ, ನುಂಗೋಕೆ ಕಷ್ಟ ಆದ್ರೆ, ಎಸ್ಟಿಮೇಟ್ ಹೋಲಿಸ್ತಾ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಕೀಳಿಸಿದ್ರೆ ಸಾಕಲ್ವಾ?

ಈ ಪ್ರಶ್ನೆಗೆ ಉತ್ತರ ಅದೇ ಚೀಟಿಯಲ್ಲಿದೆ. ಕೊನೇ ಸಾಲು ನೋಡಿ. ಬ್ರಿಡ್ಜ್, 24-25-26. ನಾವು ಕೇಳುಗರಿಗೆ ವಾಪಸ್ ಬರೆದು ಕೇಳಿದ್ವಿ, 25 ಹೇಗೆ ಹೋಯ್ತು ಅಂತ. ಅವರು ಹೇಳಿದ್ದು: ಕಾಲೇಜಿನಲ್ಲಿದ್ದಾಗ ಅದಕ್ಕೆ ರೂಟ್ ಕೆನಾಲ್ ಆಗಿತ್ತು. ನೋವು ಹೋಯ್ತಲ್ಲ, ಕ್ಯಾಪ್ ಆಮೇಲೆ ಹಾಕಿಸೋಣ ಅಂತ ಬಿಟ್ಟರು. ಎರಡು ವರ್ಷ ಆದ ಮೇಲೆ ಕಡಲೆ ಅಗಿಯುವಾಗ ಹಲ್ಲು ಎರಡು ಹೋಳಾಯ್ತು, ಕೀಳಿಸಬೇಕಾಯ್ತು.

ಹುಳುಕು ಮತ್ತು ಚಿಕಿತ್ಸೆಯ ತೂತು ಎರಡೂ ಸೇರಿ ಹಲ್ಲಿನ ಒಳಗಿನ ಗೋಡೆಗಳು ತೆಳ್ಳಗಾಗಿರುತ್ತವೆ. ಅಗಿಯೋ ಒತ್ತಡ ದವಡೆಹಲ್ಲಿನ ಮೇಲೆ ಬೆಣೆ ಹೊಡೆದ ಹಾಗೆ ಬೀಳುತ್ತೆ. ಕ್ಯಾಪ್ ಅನ್ನೋದು ಆ ಗೋಡೆಗಳನ್ನ ಸುತ್ತ ಹಿಡಿದಿಡೋ ಪಟ್ಟಿ. ಅದಿಲ್ಲದಿದ್ರೆ ಬಿರುಕು ಬಿಡಬಹುದು. ಬಿರುಕು ವಸಡಿನ ಕೆಳಗೆ ಬೇರಿನವರೆಗೂ ಇಳಿದ್ರೆ ಹಲ್ಲು ಉಳಿಸೋದು ಕಷ್ಟ. ಅಂದ್ರೆ ಕ್ಯಾಪಿನ ದುಡ್ಡು ಉಳಿಸೋಕೆ ಹೋಗಿ, ರೂಟ್ ಕೆನಾಲ್‌ಗೆ ಕೊಟ್ಟ ದುಡ್ಡೂ ಹೋಯ್ತು, ಹಲ್ಲೂ ಹೋಯ್ತು.

ಈಗ ಆ ಜಾಗ ತುಂಬೋಕೆ 15,000. ಹೋಗಿದ್ದು ಒಂದು ಹಲ್ಲು, ಲೆಕ್ಕ ಮೂರು ಹಲ್ಲಿನದು ಯಾಕೆ? ಬ್ರಿಡ್ಜ್ ಅಂದ್ರೆ ಸೇತುವೆ, ಎರಡು ಕಡೆ ಕಂಬ ಬೇಕು. 24 ಮತ್ತು 26ನ್ನ ಸವೆಸಿ ಅವಕ್ಕೆ ಕ್ಯಾಪ್ ಹಾಕಿ, ಮಧ್ಯದಲ್ಲಿ 25ರ ಸುಳ್ಳು ಹಲ್ಲನ್ನ ತೂಗುಹಾಕ್ತಾರೆ. ಮೂರೂ ಒಂದೇ ತುಂಡು, ಲ್ಯಾಬ್ ಅದನ್ನ ಮೂರು ಯೂನಿಟ್ ಅಂತ ಎಣಿಸುತ್ತೆ. ಹಾಗಾಗಿ 5,000 × 3 ಅನ್ನೋದು ಮೋಸ ಅಲ್ಲ. ಆದ್ರೆ ಇಲ್ಲೊಂದು ಪ್ರಶ್ನೆ ಕೇಳಲೇಬೇಕು: 24, 26 ಈಗ ಗಟ್ಟಿಯಾಗಿ, ಹುಳುಕಿಲ್ಲದೆ ಇವೆಯಾ? ಇದ್ರೆ ಆರೋಗ್ಯವಾಗಿರೋ ಎರಡು ಹಲ್ಲನ್ನ ಸವೆಸಬೇಕಾಗುತ್ತೆ, ಸವೆಸಿದ ಹಲ್ಲು ಮತ್ತೆ ಬೆಳೆಯಲ್ಲ. ಆಗ ಇಂಪ್ಲಾಂಟ್ ಬಗ್ಗೆಯೂ ದರ ಕೇಳಿ. ಅದರಲ್ಲಿ ಮೂಳೆಯೊಳಗಿನ ಸ್ಕ್ರೂ, ಮೇಲಿನ ಜೋಡಣೆ, ಕ್ಯಾಪ್ ಅಂತ ಮೂರು ಭಾಗ ಇರುತ್ತೆ. ಹೇಳಿದ ದರ ಮೂರಕ್ಕೂ ಸೇರಿಯೋ ಬರೀ ಸ್ಕ್ರೂಗೋ ಅಂತ ಬಿಡಿಸಿ ಕೇಳಿ. ತೆಗೆದು ಹಾಕೋ ಸೆಟ್ ಇವೆರಡಕ್ಕಿಂತ ಅಗ್ಗ, ಆದ್ರೆ ಅಭ್ಯಾಸ ಆಗಬೇಕು.

36 ಕಿತ್ತಿಸಿದ್ರೂ ಇದೇ ಕಥೆ. ಇವತ್ತು 16,000 ಉಳಿದ ಹಾಗೆ ಕಾಣುತ್ತೆ. ಆಮೇಲೆ ಪಕ್ಕದ 37 ಆ ಖಾಲಿ ಜಾಗಕ್ಕೆ ವಾಲಬಹುದು, ಮೇಲಿನ 26 ಕೆಳಗೆ ಇಳಿಯಬಹುದು. ಒಂದು ದಿನ 35-36-37 ಅಂತ ಇನ್ನೊಂದು ಬ್ರಿಡ್ಜ್ ಬರುತ್ತೆ, ಇದೇ ದರದಲ್ಲಿ ಇನ್ನೊಂದು 15,000. ಉಳಿಸಿಕೊಳ್ಳೋಕೆ ಆಗೋ ಹಲ್ಲನ್ನ ಕೀಳಿಸೋದು ಅಗ್ಗ ಅಲ್ಲ, ಬಿಲ್ ಮುಂದಕ್ಕೆ ಹಾಕೋದು ಅಷ್ಟೇ. ಆದ್ರೆ ಹಲ್ಲು ಆಗಲೇ ಬೇರಿನವರೆಗೆ ಸೀಳಿದ್ರೆ, ಸುತ್ತ ಮೂಳೆ ಕರಗಿ ಅಲ್ಲಾಡ್ತಿದ್ರೆ ಆ ಮಾತು ಬೇರೆ. ಆಗ ಕೀಳಿಸೋದೇ ಸರಿ. ಅದಕ್ಕೇ ರೂಟ್ ಕೆನಾಲ್ ಶುರು ಮಾಡೋ ಮೊದಲು, “ಈ ಹಲ್ಲು ಕ್ಯಾಪ್ ಹಿಡಿಯೋಷ್ಟು ಗಟ್ಟಿ ಉಳಿದಿದೆಯಾ?” ಅಂತ ಕೇಳಿ.

48: ಬುದ್ಧಿಹಲ್ಲು

ಬಲಗಡೆ ಕೆಳಗಿನ ಕೊನೇ ಹಲ್ಲು. ಸರ್ಜಿಕಲ್ ಅಂತ ಬರೆದಿದ್ದಾರೆ ಅಂದ್ರೆ ಇಕ್ಕಳದಲ್ಲಿ ಎಳೆದು ತೆಗೆಯೋ ಥರ ಇಲ್ಲ. ವಸಡು ಬಿಡಿಸಿ, ಬೇಕಾದ್ರೆ ಸ್ವಲ್ಪ ಮೂಳೆ ತೆಗೆದು, ಹಲ್ಲನ್ನ ತುಂಡು ಮಾಡಿ ತೆಗೆದು, ಹೊಲಿಗೆ ಹಾಕ್ತಾರೆ. 7,000ದಲ್ಲಿ ಹೊಲಿಗೆ ಬಿಚ್ಚೋದು ಸೇರಿದೆಯಾ, ಇಡೀ ದವಡೆಯ ದೊಡ್ಡ ಎಕ್ಸ್‌ರೇ, ಅಂದ್ರೆ ಓಪಿಜಿ, ಬೇರೆಯಾ ಅಂತ ಕೇಳಿ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಈಗ ಯಾಕೆ ಅನ್ನೋದು. ಪದೇ ಪದೇ ಅಲ್ಲಿ ವಸಡು ಊದ್ತಿದ್ರೆ, ಪಕ್ಕದ 47ನ್ನ ಹುಳುಕು ಮಾಡ್ತಿದ್ರೆ, ಎಕ್ಸ್‌ರೇಯಲ್ಲಿ ಗಂಟು ಕಂಡಿದ್ರೆ ತೆಗೆಸಬೇಕು. ಏನೂ ತೊಂದರೆ ಕೊಡದೆ ಅಡ್ಡ ಮಲಗಿರೋ ಬುದ್ಧಿಹಲ್ಲನ್ನ ಮುನ್ನೆಚ್ಚರಿಕೆಗೆ ಅಂತ ತೆಗೆಯೋದು ಬೇಡ ಅಂತ ಬ್ರಿಟನ್ನಿನ ನೈಸ್ ಸಂಸ್ಥೆ 2000ದಲ್ಲೇ ಮಾರ್ಗಸೂಚಿ ಕೊಟ್ಟಿದೆ. ಎಲ್ಲ ದೇಶದ ಡಾಕ್ಟರು ಅದನ್ನ ಹಾಗೇ ಒಪ್ಪಲ್ಲ. ಆದ್ರೆ ಕಾರಣ ಕೇಳೋ ಹಕ್ಕು ನಿಮಗಿದೆ. ಆ ಹಲ್ಲಿನ ಬೇರಿನ ಹತ್ತಿರವೇ ಕೆಳತುಟಿಗೆ ಹೋಗೋ ನರ ಇರುತ್ತೆ. ಎಷ್ಟು ಹತ್ತಿರ ಇದೆ, ತುಟಿ ಮರಗಟ್ಟೋ ಅಪಾಯ ಇದೆಯಾ ಅಂತಲೂ ಕೇಳಿ. ನಮ್ಮ ಕೇಳುಗರಿಗೆ ಆ ಕಡೆ ಇವತ್ತಿನವರೆಗೆ ನೋವಾಗಲಿ ಊತವಾಗಲಿ ಇಲ್ಲ. ಹಾಗಾಗಿ ಈ ಸಾಲಿಗೆ ಕಾರಣ ತಿಳಿಯೋವರೆಗೆ ಕಾಯಬಹುದು.

ಯಾವುದು ಮೊದಲು?

ಈಗ ಜೋಡಿಸೋಣ. ಮೊದಲು 36ರ ರೂಟ್ ಕೆನಾಲ್, 5,500. ಅದರ ಭೇಟಿಗಳ ಮಧ್ಯೆಯೇ ಕ್ಲೀನಿಂಗ್ ಮುಗಿಸಬಹುದು. ವಸಡಿನಲ್ಲಿ ರಕ್ತ ಬರ್ತಿದ್ರೆ ಕ್ಯಾಪಿನ ಅಳತೆ ಸರಿಯಾಗಿ ಸಿಗಲ್ಲ, ಅದಕ್ಕೆ ಕ್ಲೀನಿಂಗ್ ಕ್ಯಾಪಿಗಿಂತ ಮೊದಲು ಬರಬೇಕು. 17ರ ಫಿಲ್ಲಿಂಗನ್ನೂ ಮುಂದೂಡಬೇಡಿ. ಇವತ್ತು 1,500ರಲ್ಲಿ ಮುಗಿಯೋ ತೂತು ನರ ಮುಟ್ಟಿದ್ರೆ ಅದೂ ಒಂದು 36 ಆಗುತ್ತೆ. ಆಮೇಲೆ ಕೋರ್, ಕೆಲವೇ ವಾರದಲ್ಲಿ ಕ್ಯಾಪ್. ಇಷ್ಟಕ್ಕೆ 19,000, ಅದೂ ಒಂದೇ ಸಲ ಅಲ್ಲ, ಹಂತ ಹಂತವಾಗಿ. ಬ್ರಿಡ್ಜ್, ಬುದ್ಧಿಹಲ್ಲು ಸೇರಿ 22,000 ಮುಂದಿನ ಮಾತು. ಬ್ರಿಡ್ಜನ್ನ ವರ್ಷಗಟ್ಟಲೆ ಮರೆಯಬಾರದು, ಅಷ್ಟೇ.

ಅದೂ ಕೈಗೆ ಎಟುಕಲ್ಲ ಅನ್ನೋರು ಡೆಂಟಲ್ ಕಾಲೇಜುಗಳಿಗೆ ಹೋಗಿ ನೋಡಿ. ಬೆಂಗಳೂರಿನಲ್ಲಿ ಕೋಟೆ ಹತ್ತಿರ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಕಾಲೇಜುಗಳಲ್ಲಿ ದರ ಕಮ್ಮಿ, ಆದ್ರೆ ಸಮಯ ಜಾಸ್ತಿ ಹಿಡಿಯುತ್ತೆ, ಹೆಚ್ಚು ಸಲ ಹೋಗಬೇಕಾಗುತ್ತೆ. ಕೆಲಸಕ್ಕೆ ರಜೆ ಹಾಕೋ ಲೆಕ್ಕವನ್ನೂ ಸೇರಿಸಿಕೊಳ್ಳಿ. ಆಫೀಸಿನ ಆರೋಗ್ಯ ವಿಮೆ ನೆಚ್ಚಿಕೊಂಡು ಕೂರೋ ಮೊದಲು ಪಾಲಿಸಿ ಓದಿ. ಅಪಘಾತದಲ್ಲಿ ಹಲ್ಲಿಗೆ ಪೆಟ್ಟಾದ್ರೆ ಬಿಟ್ಟು, ಇಂಥ ಮಾಮೂಲಿ ಚಿಕಿತ್ಸೆಗೆ ಬಹಳಷ್ಟು ಪಾಲಿಸಿಗಳು ದುಡ್ಡು ಕೊಡಲ್ಲ.

ಎರಡನೇ ಡಾಕ್ಟರ ಹತ್ತಿರ ಹೋಗುವಾಗ ಎಸ್ಟಿಮೇಟಿನ ಫೋಟೊ ಒಂದನ್ನೇ ಒಯ್ಯಬೇಡಿ, ಎಕ್ಸ್‌ರೇಯನ್ನೂ ತಗೊಂಡು ಹೋಗಿ. ಮೊದಲು ಎಕ್ಸ್‌ರೇ ತೋರಿಸಿ, ಅವರು ಯಾವ ಹಲ್ಲಿಗೆ ಏನು ಹೇಳ್ತಾರೆ ಕೇಳಿ, ಆಮೇಲೆ ಚೀಟಿ ತೆಗೀರಿ. ದರ ಬೇರೆ ಬೇರೆ ಇರಬಹುದು. ಆದ್ರೆ ಇಬ್ಬರೂ 36 ಅಂದ್ರೆ, ಆ ಹಲ್ಲು ನಿಮ್ಮ ನೋವು ನಿಂತಿದ್ದಕ್ಕೆ ವಾಸಿ ಆಗಿಲ್ಲ ಅಂತ ಅರ್ಥ. ಈ ವಾರವೇ ಅಪಾಯಿಂಟ್‌ಮೆಂಟ್ ತಗೊಳ್ಳಿ, ಈ ಸಲ ಕ್ಯಾಪ್ ಬಿಡಬೇಡಿ.